ಮುಸುರೆ ಪಾತ್ರೆ, ಮೆದು ನೀರು, ಮಳೆಗಾಲದ ಪೌಡರ್

ಸಕಲೇಶಪುರ, ಆಲೂರು ಕಡೆಯ ತೋಟದ ಮನೆಗಳಿಗೂ ಹೋಂಸ್ಟೇಗಳಿಗೂ ಡಿಶ್‌ವಾಷರ್ ಬಂದಿದೆ. ಯಂತ್ರ ಅಡುಗೆಮನೆಗೆ ಬಂದ ವಾರದೊಳಗೆ ಎರಡು ಪ್ರಶ್ನೆ ಏಳುತ್ತವೆ. ಪೌಡರ್ ತರಬೇಕೋ, ಟ್ಯಾಬ್ಲೆಟ್ಟೋ, ಜೆಲ್ಲೋ? ನಮ್ಮ ಎಣ್ಣೆ ಮಸಾಲೆಯ ಪಾತ್ರೆಯನ್ನು ನಲ್ಲಿ ಕೆಳಗೆ ಒಮ್ಮೆ ತೊಳೆದೇ ಒಳಗಿಡಬೇಕೋ? ಹಾಗೆ ತೊಳೆದಿಡುವುದಾದರೆ ಯಂತ್ರ ಯಾಕೆ ಎಂದು ಮನೆಯ ಹಿರಿಯರು ಕೇಳುತ್ತಾರೆ. ಅವರು ಕೇಳುವುದರಲ್ಲಿ ನ್ಯಾಯವಿದೆ.

ಉತ್ತರ ಹುಡುಕಲು ಯಂತ್ರದ ಹೊಟ್ಟೆಯೊಳಗೆ ಎಷ್ಟು ನೀರಿರುತ್ತದೆ ಎಂಬುದನ್ನು ಮೊದಲು ನೋಡಬೇಕು. ಒಂದು ಸುತ್ತಿಗೆ ಅದು ಬಳಸುವುದು ಹತ್ತು ಲೀಟರ್ ಆಸುಪಾಸು. ಅದನ್ನೂ ಒಟ್ಟಿಗೆ ತುಂಬಿಕೊಳ್ಳುವುದಿಲ್ಲ. ಮೂರು ಮೂರೂವರೆ ಲೀಟರಿನಂತೆ ಕಂತಿನಲ್ಲಿ ತೆಗೆದುಕೊಂಡು, ಅದೇ ನೀರನ್ನು ತಿರುತಿರುಗಿ ಪಾತ್ರೆಗಳ ಮೇಲೆ ಎರಚುತ್ತದೆ. ಮೊದಲ ಕಂತು ತಣ್ಣೀರು: ಸೋಪಿಲ್ಲದ ಒಂದು ತೊಳೆತ, ಆಮೇಲೆ ಚರಂಡಿಗೆ. ಎರಡನೆಯ ಕಂತು ಬಂದಾಗಲೇ ಬಾಗಿಲಿನ ಡಬ್ಬಿ ತೆರೆದು ಸೋಪು ಬೀಳುವುದು, ನೀರು 50ರಿಂದ 70 ಡಿಗ್ರಿವರೆಗೆ ಕಾಯುವುದು. ಉಳಿದದ್ದು ಜಾಲಿಸುವ ಕೆಲಸ. ಟ್ಯಾಬ್ಲೆಟ್ಟನ್ನು ಡಬ್ಬಿಯಲ್ಲಿಡದೆ ಪಾತ್ರೆಗಳ ನಡುವೆ ಎಸೆಯುವವರು ಅದನ್ನು ಮೊದಲ ಕಂತಿನ ತಣ್ಣೀರಿನ ಜೊತೆ ಚರಂಡಿಗೆ ಕಳಿಸುತ್ತಿರುತ್ತಾರೆ.

ಈಗ ಒಂದು ಭಾನುವಾರದ ರಾತ್ರಿಯ ಮುಸುರೆಯನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಅಕ್ಕಿ ರೊಟ್ಟಿ ತಿಂದ ತಟ್ಟೆಗಳು, ಕೋಳಿ ಸಾರಿನ ಬಟ್ಟಲುಗಳು, ಹಂದಿ ಮಾಂಸ ಹುರಿದ ಸ್ಟೀಲ್ ಬಾಣಲೆ, ಕಡುಬಿನ ಹಿಟ್ಟು ತೊಳಸಿದ ತಪ್ಪಲೆ, ಒಂದು ಡಜನ್ ಕಾಫಿ ಲೋಟ. ಬಾಣಲೆಯ ತಳದಲ್ಲಿ ಎರಡು ಮೂರು ಚಮಚದಷ್ಟು ಕೊಬ್ಬು ನಿಂತಿದೆ. ಸಾರಿನ ಬಟ್ಟಲಲ್ಲಿ ಕರಿಬೇವು, ಸಾಸಿವೆ, ರುಬ್ಬಿದ ಕಾಯಿಯ ಚರಟ. ತಪ್ಪಲೆಯ ಅಂಚಿನಲ್ಲಿ ಅಕ್ಕಿ ಹಿಟ್ಟು ಒಣಗಿ ಸಿಪ್ಪೆಗಟ್ಟಿದೆ.

ಇವನ್ನೆಲ್ಲ ನಲ್ಲಿ ಕೆಳಗೆ ಹಿಡಿದರೆ ಏನಾಗುತ್ತದೆ? ಸಾಧಾರಣ ನಲ್ಲಿ ನಿಮಿಷಕ್ಕೆ ಆರೇಳು ಲೀಟರ್ ಸುರಿಯುತ್ತದೆ. ಮೂರು ನಿಮಿಷ ಬಿಟ್ಟರೆ ಯಂತ್ರ ಇಡೀ ಸುತ್ತಿಗೆ ಬಳಸುವುದರ ಎರಡರಷ್ಟು ನೀರು ಹೋಯಿತು. ಹೋಗಲಿ, ಕೊಬ್ಬಾದರೂ ಹೋಯಿತೇ ಎಂದರೆ ಅದೂ ಇಲ್ಲ. ತೆಂಗಿನ ಎಣ್ಣೆ 24 ಡಿಗ್ರಿಗಿಂತ ತಂಪಾದರೆ ಹೆಪ್ಪುಗಟ್ಟುತ್ತದೆ. ಡಿಸೆಂಬರಿನಲ್ಲಿ ಬಾಟಲಿಯೊಳಗೆ ಬೆಳ್ಳಗಾಗುವುದನ್ನು ಎಲ್ಲರೂ ಕಂಡಿದ್ದೇವೆ. ಹಂದಿ ಕೊಬ್ಬು ಕರಗಲು ಅದಕ್ಕಿಂತ ಹೆಚ್ಚಿನ ಶಾಖ ಬೇಕು. ಗುಡ್ಡದ ಟ್ಯಾಂಕಿನ ನೀರು ಚಳಿಗಾಲದ ರಾತ್ರಿ ಇಪ್ಪತ್ತು ಡಿಗ್ರಿಗೂ ಕೆಳಗಿರುತ್ತದೆ. ಅಂಥ ನೀರು ಬಿದ್ದಾಗ ಕೊಬ್ಬು ಬಾಣಲೆಗೆ ಇನ್ನಷ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಒಂದಿಷ್ಟು ಸಿಂಕಿನ ಪೈಪಿನಲ್ಲಿ ಹೋಗಿ ಕೂರುತ್ತದೆ.

ಇನ್ನೊಂದು ತೊಡಕೂ ಇದೆ. 'ಆಟೊ' ಎಂಬ ಪ್ರೋಗ್ರಾಮ್ ಇರುವ ಯಂತ್ರಗಳಲ್ಲಿ ನೀರು ಎಷ್ಟು ಕದಡಿದೆ ಎಂದು ಬೆಳಕು ಹಾಯಿಸಿ ನೋಡುವ ಸೆನ್ಸರ್ ಇರುತ್ತದೆ. ನೀವು ಅರ್ಧಂಬರ್ಧ ತೊಳೆದು ಇಟ್ಟರೆ ನೀರು ತಿಳಿಯಾಗಿ ಕಾಣುತ್ತದೆ. ಪಾತ್ರೆ ಹೆಚ್ಚು ಕೊಳೆಯಾಗಿಲ್ಲ ಎಂದು ಯಂತ್ರ ಬಿಸಿಯನ್ನೂ ಹೊತ್ತನ್ನೂ ಕಡಿಮೆ ಮಾಡಿಕೊಳ್ಳುತ್ತದೆ. ಕೊನೆಗೆ ಬಾಣಲೆಯ ಹಿಡಿಯ ಬುಡದಲ್ಲಿ ಜಿಡ್ಡು ಹಾಗೇ ಉಳಿಯುತ್ತದೆ. ನಾವು ದೂರುವುದು ಸೋಪನ್ನು.

ಹಾಗಂತ ಬಾಣಲೆಯನ್ನು ಇದ್ದ ಹಾಗೇ ಇಟ್ಟರೂ ಸರಿಹೋಗುವುದಿಲ್ಲ. ಮೂರು ಚಮಚ ಕೊಬ್ಬು ಮೂರೂವರೆ ಲೀಟರ್ ನೀರಿಗೆ ಇಳಿದರೆ, ಡಬ್ಬಿಯ ಸೋಪಿಗೆ ಅಷ್ಟನ್ನೂ ಹಿಡಿದಿಡುವ ಶಕ್ತಿ ಇರುವುದಿಲ್ಲ. ಡಿಶ್‌ವಾಷರ್ ಸೋಪಿನಲ್ಲಿ ನೊರೆ ಬರಿಸುವ ವಸ್ತುವನ್ನು ಬೇಕೆಂದೇ ತೀರಾ ಕಡಿಮೆ ಇಟ್ಟಿರುತ್ತಾರೆ, ಏಕೆಂದರೆ ನೊರೆ ಎದ್ದರೆ ಪಂಪು ನೀರಿನ ಬದಲು ಗಾಳಿ ಎಳೆಯುತ್ತದೆ, ಚಿಮ್ಮುವ ಕೈಗಳು ನಿಧಾನವಾಗುತ್ತವೆ. ಕೈಯಲ್ಲಿ ತೊಳೆಯುವ ಲಿಕ್ವಿಡ್ಡನ್ನು ಇದಕ್ಕೆ ಹಾಕಬಾರದು ಎನ್ನುವುದೂ ಇದಕ್ಕೇ. ಹಿಡಿತ ತಪ್ಪಿದ ಕೊಬ್ಬು ನೀರು ತಣಿಯುತ್ತಿದ್ದಂತೆ ಪ್ಲಾಸ್ಟಿಕ್ ಡಬ್ಬಿಗಳ ಮೇಲೆ ತೆಳ್ಳಗೆ ಕೂರುತ್ತದೆ. ಬೆರಳಾಡಿಸಿದರೆ ಜಾರುವ ಆ ಪೊರೆ ಕಂಡರೆ ಕಾರಣ ಇದೇ ಎಂದು ತಿಳಿಯಬಹುದು.

ಆದ್ದರಿಂದ ಮಾಡಬೇಕಾದ್ದು ಒಣ ಕೆಲಸ. ಬಾಣಲೆ ಬೆಚ್ಚಗಿರುವಾಗಲೇ ಕೊಬ್ಬನ್ನು ಬಗ್ಗಿಸಿ, ಉಳಿದದ್ದನ್ನು ಹಳೆಯ ಪತ್ರಿಕೆಯ ಚೂರಿನಿಂದ ಒರೆಸಿ. ಕರಿಬೇವು, ಸಾಸಿವೆ, ಮೂಳೆಯ ಚೂರನ್ನು ಕಸಕ್ಕೆ ಕೆರೆದು ಹಾಕಿ. ಸಾಸಿವೆ ಕಾಳು ಚಿಮ್ಮುವ ಕೈಗಳ ತೂತಿನಲ್ಲಿ ಸರಿಯಾಗಿ ಹೋಗಿ ಕೂರುವ ಗಾತ್ರದ್ದು. ಮೇಲಿನ ತಟ್ಟೆಗಳು ಮಾತ್ರ ಕೊಳೆಯಾಗಿಯೇ ಉಳಿದರೆ ಆ ಕೈಯನ್ನು ಕಳಚಿ ಅಲ್ಲಾಡಿಸಿ ನೋಡಿ, ಒಳಗೆ ಒಗ್ಗರಣೆ ಗಲಗಲ ಎನ್ನುತ್ತದೆ. ನೀರಲ್ಲಿ ನೆನೆಹಾಕಬೇಕಾದ್ದು ಎರಡೇ: ತಳ ಹಿಡಿದ ಹಾಲಿನ ಪಾತ್ರೆ ಮತ್ತು ರಾತ್ರಿಯೆಲ್ಲ ಒಣಗಿದ ಹಿಟ್ಟಿನ ತಪ್ಪಲೆ.

ಇನ್ನು ಸೋಪಿನ ವಿಷಯ. ಮೂರೂ ರೂಪದ ಬೆನ್ನೆಲುಬು ಕ್ಷಾರ. ಪೌಡರಿನಲ್ಲಿ ಹೆಚ್ಚು ಪಾಲು ಇರುವುದು ಸೋಡಿಯಂ ಕಾರ್ಬೊನೇಟ್, ಅಂದರೆ ವಾಷಿಂಗ್ ಸೋಡ. ಅಜ್ಜಿಯರು ಒಲೆಯ ಬೂದಿಯಲ್ಲಿ ಪಾತ್ರೆ ಬೆಳಗುತ್ತಿದ್ದಾಗ ಜಿಡ್ಡು ಬಿಡುತ್ತಿದ್ದುದೂ ಬೂದಿಯಲ್ಲಿರುವ ಪೊಟ್ಯಾಸಿಯಂ ಕಾರ್ಬೊನೇಟಿನಿಂದ, ಎರಡೂ ದಾಯಾದಿಗಳು. ಬಿಸಿ ಕ್ಷಾರ ಕೊಬ್ಬಿನ ಒಂದಂಶವನ್ನು ಪಾತ್ರೆಯ ಮೇಲೆಯೇ ಸಾಬೂನಾಗಿಸುತ್ತದೆ. ಕ್ಷಾರದ ಜೊತೆಗೆ ಎರಡು ಬಗೆಯ ಕಿಣ್ವಗಳಿರುತ್ತವೆ. ಅಮೈಲೇಸ್ ಅಕ್ಕಿ ಹಿಟ್ಟಿನ ಪಿಷ್ಟವನ್ನು ತುಂಡರಿಸುತ್ತದೆ, ಪ್ರೋಟಿಯೇಸ್ ಮೊಟ್ಟೆ, ಹಾಲು, ಮಾಂಸದ ಪ್ರೋಟೀನನ್ನು. ಕೊನೆಯದು ಆಮ್ಲಜನಕ ಬಿಡುವ ಬ್ಲೀಚ್, ಸೋಡಿಯಂ ಪರ್‌ಕಾರ್ಬೊನೇಟ್. ಕಾಫಿ, ಚಹಾ, ಅರಿಸಿನದ ಬಣ್ಣ ತೆಗೆಯುವ ಹೊಣೆ ಇದರದು.

ಮೂರರ ವ್ಯತ್ಯಾಸ ಹುಟ್ಟುವುದು ಈ ಬ್ಲೀಚಿನಲ್ಲಿ. ನೀರು ತಗುಲಿದರೆ ಅದು ಕೆಲಸ ಶುರುಮಾಡಿಬಿಡುತ್ತದೆ, ಪಕ್ಕದಲ್ಲಿರುವ ಕಿಣ್ವವನ್ನೂ ಹಾಳುಮಾಡುತ್ತದೆ. ಒಣ ಪೌಡರಿನಲ್ಲಿ, ಒತ್ತಿದ ಟ್ಯಾಬ್ಲೆಟ್ಟಿನಲ್ಲಿ ಇಬ್ಬರನ್ನೂ ಒಟ್ಟಿಗೆ ಇಡಬಹುದು. ಜೆಲ್ ಅಂದರೆ ನೀರು; ಹಾಗಾಗಿ ಹೆಚ್ಚಿನ ಜೆಲ್‌ಗಳಲ್ಲಿ ಕಿಣ್ವ ಇರುತ್ತದೆ, ಬ್ಲೀಚ್ ಇರುವುದಿಲ್ಲ. ಜೆಲ್ಲಿಗೆ ಅದರದೇ ಗುಣವಿದೆ: ಬೇಗ ಕರಗುತ್ತದೆ, ಅರ್ಧ ಗಂಟೆಯ ಚಿಕ್ಕ ಸುತ್ತಿಗೆ ಹೊಂದುತ್ತದೆ. ಆದರೆ ದಿನಕ್ಕೆ ನಾಲ್ಕು ಸಲ ಕಾಫಿ ಸೋಸುವ ಮನೆಯಲ್ಲಿ ಲೋಟದ ಒಳಸುತ್ತಿನ ಕಂದು ಗೆರೆ ದಿನದಿಂದ ದಿನಕ್ಕೆ ಗಾಢವಾಗುತ್ತಾ ಹೋಗುತ್ತದೆ. ಕಾಫಿ ನಾಡಿಗೆ ಜೆಲ್ ಒಗ್ಗದು ಎಂದು ನಾನು ಹೇಳುವುದು ಇದಕ್ಕೇ. (ಪ್ಲಾಸ್ಟಿಕ್ ಡಬ್ಬಿಗೆ ಇಳಿದ ಅರಿಸಿನವನ್ನು ಮೂರರಲ್ಲಿ ಯಾವುದೂ ಪೂರ್ತಿ ತೆಗೆಯುವುದಿಲ್ಲ. ಎರಡು ದಿನ ಅಂಗಳದ ಬಿಸಿಲಿಗಿಡಿ, ತಾನೇ ಮಾಸುತ್ತದೆ.)

ಪೌಡರ್ ಮತ್ತು ಟ್ಯಾಬ್ಲೆಟ್ ನಡುವೆ ತೀರ್ಮಾನ ಹೇಳುವುದು ನಿಮ್ಮ ನೀರು. ಪಶ್ಚಿಮ ಘಟ್ಟದ ಮಳೆ ಗಟ್ಟಿ ಬಂಡೆಯ ಮೇಲೆ ಹರಿದು, ಸುಣ್ಣದಂಶವನ್ನು ಹೆಚ್ಚು ಕರಗಿಸಿಕೊಳ್ಳದೆ ತೋಟದ ಹಳ್ಳಕ್ಕೂ ಬಾವಿಗೂ ಬರುತ್ತದೆ. ಹೀಗಾಗಿ ಇಲ್ಲಿಯದು ಬಹುಪಾಲು ಮೆದು ನೀರು. ಆಳದ ಬೋರ್‌ವೆಲ್ ಇದ್ದವರು ಪರೀಕ್ಷಿಸಿಕೊಳ್ಳಬೇಕು: ಅರ್ಧ ಬಾಟಲಿ ನೀರಿಗೆ ಚಿಟಿಕೆ ಸಾಬೂನು ತುರಿದು ಹಾಕಿ ಕುಲುಕಿದರೆ, ಮೆದು ನೀರಲ್ಲಿ ದಟ್ಟ ನೊರೆ ನಿಲ್ಲುತ್ತದೆ, ಗಡಸು ನೀರಲ್ಲಿ ಬಿಳಿ ಕೆನೆಯಂಥ ಗಸಿ ತೇಲುತ್ತದೆ. ಲೀಟರಿಗೆ ಸುಮಾರು ನೂರು ಮಿಲಿಗ್ರಾಂಗಿಂತ ಕಡಿಮೆ ಗಡಸುತನವಿದ್ದರೆ ಯಂತ್ರಕ್ಕೆ ಉಪ್ಪು ಬೇಕಿಲ್ಲ. ಸೆಟ್ಟಿಂಗನ್ನು ಸೊನ್ನೆಗೆ ಇಳಿಸಿಡಬಹುದು.

ಮೆದು ನೀರಿನ ಅಪಾಯ ಬೇರೆಯದು. ಸೋಪಿನ ಒಂದು ಪಾಲು ಸುಣ್ಣವನ್ನು ಕಟ್ಟಿಹಾಕಲೆಂದೇ ಇರುತ್ತದೆ. ಸುಣ್ಣವೇ ಇಲ್ಲದಿದ್ದರೆ ಅದೂ ಕ್ಷಾರವೂ ಸೇರಿ ಗಾಜನ್ನು ಸವೆಸುತ್ತವೆ. ಕೆಲವು ತಿಂಗಳಲ್ಲಿ ಗಾಜಿನ ಲೋಟ ಮಬ್ಬಾಗುತ್ತದೆ. ಅದು ಸುಣ್ಣದ ಕಲೆಯೋ ಸವೆತವೋ ಎಂದು ತಿಳಿಯಲು ಹತ್ತಿಗೆ ವಿನಿಗರ್ ಹಚ್ಚಿ ಉಜ್ಜಿ. ಮಬ್ಬು ಹೋದರೆ ಸುಣ್ಣ. ಹೋಗದಿದ್ದರೆ ಗಾಜೇ ಸವೆದಿದೆ, ಅದಕ್ಕೆ ಮದ್ದಿಲ್ಲ. ಅಲ್ಯೂಮಿನಿಯಂ ಕುಕ್ಕರ್, ಕಡುಬಿನ ಪಾತ್ರೆಗಳನ್ನಂತೂ ಒಳಗಿಡಲೇಬಾರದು. ಕ್ಷಾರಕ್ಕೆ ಕಪ್ಪಾಗಿ ಬರುತ್ತವೆ. ಪಳಗಿದ ಕಬ್ಬಿಣದ ಕಾವಲಿಯೂ ಹೊರಗೇ ಇರಲಿ.

ಹೀಗಿರುವಾಗ ಟ್ಯಾಬ್ಲೆಟ್ಟಿನ ತೊಂದರೆ ಅದರ ಅಳತೆ. ಒಂದು ಟ್ಯಾಬ್ಲೆಟ್ಟಿನಲ್ಲಿ 15ರಿಂದ 20 ಗ್ರಾಂ ಇರುತ್ತದೆ. ಪೊರೆ ಸುತ್ತಿದ್ದನ್ನು ಅರ್ಧ ಮಾಡಲು ಬರುವುದಿಲ್ಲ. ಬರೀ ಲೋಟ, ತಟ್ಟೆಯ ಸುತ್ತಿಗೂ ಪೂರ್ತಿ ಹೋಗುತ್ತದೆ. ಪೌಡರ್ ಆದರೆ ಆ ಸುತ್ತಿಗೆ ಎರಡು ಟೀ ಚಮಚ, ಸುಮಾರು ಹತ್ತು ಗ್ರಾಂ ಸಾಕು. ಭಾನುವಾರದ ಬಾಣಲೆಯ ಸುತ್ತಿಗೆ ಡಬ್ಬಿ ತುಂಬ ಇಪ್ಪತ್ತು ಗ್ರಾಂ ಹಾಕಿ, ಇನ್ನೊಂದು ಚಮಚವನ್ನು ಬಾಗಿಲ ಒಳಮೈ ಮೇಲೆ ಉದುರಿಸಿ, 70 ಡಿಗ್ರಿಯ ಪ್ರೋಗ್ರಾಮ್ ಒತ್ತಿ. ಉದುರಿಸಿದ್ದು ಮೊದಲ ಕಂತಿಗೇ ಸೇರಿ, ತಣ್ಣೀರಲ್ಲೂ ಒಂದಿಷ್ಟು ಜಿಡ್ಡನ್ನು ಸಡಿಲಿಸುತ್ತದೆ. ನೀವು ನಲ್ಲಿ ಕೆಳಗೆ ಮಾಡಹೊರಟಿದ್ದ ಕೆಲಸವನ್ನು ಅದೇ ಮಾಡುತ್ತದೆ.

ಪೌಡರಿನ ಶತ್ರು ಇಲ್ಲಿಯ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಅಡುಗೆಮನೆಯಲ್ಲಿ, ಬಾಯಿ ಮಡಚಿಟ್ಟ ಪ್ಯಾಕೆಟ್ಟಿನೊಳಗೆ ಸೋಡ ತೇವ ಹೀರಿ ಕಲ್ಲಾಗುತ್ತದೆ. ಗಂಟು ಒಡೆದು ಬಳಸಬಹುದೇನೋ ಸರಿ, ಆದರೆ ಅಷ್ಟರಲ್ಲಿ ಪರ್‌ಕಾರ್ಬೊನೇಟ್ ತನ್ನ ಆಮ್ಲಜನಕವನ್ನು ಗಾಳಿಗೆ ಬಿಟ್ಟುಕೊಟ್ಟಿರುತ್ತದೆ. ಇದನ್ನು ಕಾಫಿ ಲೋಟವೇ ಹೇಳುತ್ತದೆ: ತಟ್ಟೆ ಚೊಕ್ಕಟವಾಗಿ ಬಂದು ಲೋಟದಲ್ಲಿ ಮಾತ್ರ ಕಂದು ಉಳಿದರೆ ಬ್ಲೀಚ್ ಸತ್ತಿದೆ. ಟ್ಯಾಬ್ಲೆಟ್ಟುಗಳಲ್ಲಿ ಒಂದೊಂದನ್ನೂ ಪ್ರತ್ಯೇಕ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿದ್ದು ಮಳೆಗಾಲ ತಾಳುತ್ತದೆ. ನೀರಲ್ಲಿ ಕರಗುವ ಪೊರೆ ಸುತ್ತಿ ಒಂದೇ ಚೀಲದಲ್ಲಿ ತುಂಬಿದ್ದು ಒದ್ದೆ ಕೈ ತಾಗಿದರೆ ಒಂದಕ್ಕೊಂದು ಅಂಟಿಕೊಳ್ಳುತ್ತದೆ.

ಸಕಲೇಶಪುರ, ಆಲೂರಿನ ಮೆದು ನೀರಿನ ಮನೆಗೆ ನನ್ನ ಆಯ್ಕೆ ಪೌಡರ್. ಒಮ್ಮೆಗೆ ಒಂದೇ ಕಿಲೋ ತಂದು, ರಬ್ಬರ್ ಬಿಗಿಯ ಡಬ್ಬಿಯಲ್ಲಿ, ಸಿಂಕಿನಿಂದ ದೂರ ಇಡಿ. ಅಳತೆಯನ್ನು ಕೆಲಸದವರ ಕೈಗೆ ಬಿಡಬೇಕಾದ ಹೋಂಸ್ಟೇಯವರು ಜಡಿಮಳೆಯ ತಿಂಗಳಲ್ಲಿ ಬಿಡಿಬಿಡಿಯಾಗಿ ಮುಚ್ಚಿದ ಟ್ಯಾಬ್ಲೆಟ್ಟಿಗೆ ಹೋಗಲಿ, ಗಾಜಿನ ಲೋಟಗಳನ್ನು ಮಾತ್ರ ಕೈಯಲ್ಲೇ ತೊಳೆಯಲಿ. ಯಾವುದನ್ನೇ ಹಾಕಿದರೂ ಯಂತ್ರದ ತಳದ ಜಾಲರಿಯನ್ನು ವಾರಕ್ಕೊಮ್ಮೆ ತೆಗೆದು ಬಿಸಿನೀರಲ್ಲಿ ಉಜ್ಜಿ. ಜಿಡ್ಡು ಹಿಡಿದ ಜಾಲರಿಯ ಮುಂದೆ ಮೂರು ಸೋಪೂ ಸೋಲುತ್ತವೆ.