ಬ್ಲೌಸ್ ಹೊಲಿಯುವ ಅಂಗಡಿಗೆ ಎಂಥ ವೆಬ್‌ಸೈಟ್?

ತುಮಕೂರಿನಲ್ಲಿ ನನಗೆ ಗೊತ್ತಿರುವ ಅಕ್ಕ ಒಬ್ಬರು ಬ್ಲೌಸ್ ಹೊಲಿಯುತ್ತಾರೆ. ಎರಡು ಮಿಷನ್, ಒಂದು ಓವರ್‌ಲಾಕ್, ಸಹಾಯಕ್ಕೊಬ್ಬ ಹುಡುಗಿ. ಮದುವೆ ಸೀಸನ್ ಬಂದರೆ ಫೋನ್ ಬಿಡುವು ಕೊಡುವುದಿಲ್ಲ. ಕೇಳುವುದು ನಾಲ್ಕೇ ಮಾತು: ಲೈನಿಂಗ್ ಬ್ಲೌಸಿಗೆ ಎಷ್ಟು, ಹಿಂದೆ ಹೊಲಿದ ಡಿಸೈನ್ ಇದೆಯಾ, ಅಂಗಡಿ ಎಲ್ಲಿ, ಈಗ ಕೊಟ್ಟರೆ ಯಾವತ್ತು ಸಿಗುತ್ತೆ. "ಉತ್ತರ ಹೇಳೋದ್ರಲ್ಲೇ ಹೊಲಿಗೆ ನಿಂತುಹೋಗ್ತಿದೆ ಅಣ್ಣಾ, ಒಂದು ವೆಬ್‌ಸೈಟ್ ಮಾಡಿಕೊಡಿ" ಎಂದರು.

ಅಷ್ಟರಲ್ಲಿ ಯಾರೋ ಬಂದು, ವರ್ಡ್‌ಪ್ರೆಸ್‌ನಲ್ಲಿ ಕಾರ್ಟ್, ಪೇಮೆಂಟ್ ಎಲ್ಲ ಹಾಕಿಕೊಡುತ್ತೇನೆಂದು ಹೇಳಿ ಹೋಗಿದ್ದರು. ನಾನು ಮೊದಲು ನೋಡಿದ್ದು ಅವರ ಬಿಲ್ ಬುಕ್. ಪ್ರತಿ ಹಾಳೆಗೂ ಬಟ್ಟೆಯ ಒಂದು ಚೂರು ಪಿನ್ ಮಾಡಿದ್ದರು. ಪಕ್ಕದಲ್ಲಿ "ಅಳತೆ ಬ್ಲೌಸ್ ಇದೆ, ತೋಳು ಅರ್ಧ ಇಂಚು ಉದ್ದ" ಎಂಬಂಥ ಬರಹ. ಈ ವ್ಯಾಪಾರ ಕಾರ್ಟಿಗೆ ಒಗ್ಗುವುದಿಲ್ಲ. ಬಟ್ಟೆಯೂ ಅಳತೆ ಬ್ಲೌಸೂ ಅಂಗಡಿಗೆ ಬರಲೇಬೇಕು, ಡಿಸೈನ್ ನೋಡಿದ ಮೇಲೆಯೇ ದರ. ಕಾರ್ಟನ್ನು ಕೈಬಿಟ್ಟರೆ ಉಳಿಯುವುದು ಒಂದು ಪುಟದ ಕೆಲಸ: ದರಪಟ್ಟಿ, ಇಪ್ಪತ್ತು ಫೋಟೊ, ಮ್ಯಾಪ್, ವಾಟ್ಸಾಪ್ ಬಟನ್, ಜೊತೆಗೆ "ಈಗ ಕೊಟ್ಟರೆ ಇಂಥ ದಿನಕ್ಕೆ ಸಿಗುತ್ತದೆ" ಎಂಬ ಒಂದು ಸಾಲು.

ಆ ಸಾಲು ವಾರಕ್ಕೊಮ್ಮೆಯಾದರೂ ಬದಲಾಗಬೇಕು. ಅದನ್ನು ಬದಲಾಯಿಸುವವರು ಯಾರು ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ನಾನೇ ಕೋಡ್ ಬರೆದುಕೊಡಬಹುದಿತ್ತು. ಇಂಥ ಪುಟವನ್ನು ಗಿಟ್‌ಹಬ್ ಪೇಜಸ್ ಅಥವಾ ಕ್ಲೌಡ್‌ಫ್ಲೇರ್ ಪೇಜಸ್‌ನಲ್ಲಿ ಪುಕ್ಕಟೆಯಾಗಿ ಇಡಬಹುದು. ಬೇಗ ತೆರೆದುಕೊಳ್ಳುತ್ತದೆ, ಕೆಡುವಂಥದ್ದು ಹೆಚ್ಚೇನೂ ಇರುವುದಿಲ್ಲ. ಆದರೆ ತಾರೀಕು ಬದಲಾದಾಗೆಲ್ಲ ಅಕ್ಕ ನನಗೆ ಫೋನ್ ಮಾಡಬೇಕು. ಹಬ್ಬದ ವಾರ ನಾನು ಊರಲ್ಲಿಲ್ಲದಿದ್ದರೆ ಹಳೆಯ ತಾರೀಕೇ ಉಳಿದು, ಗಿರಾಕಿ ಬಂದು ಜಗಳವಾಡುತ್ತಾರೆ. ಅದಕ್ಕಿಂತ ವೆಬ್‌ಸೈಟ್ ಇಲ್ಲದಿರುವುದೇ ವಾಸಿ.

ವರ್ಡ್‌ಪ್ರೆಸ್ 2003ರಿಂದ ಇರುವ ಉಚಿತ ತಂತ್ರಾಂಶ. ಖರ್ಚಿರುವುದು ಹೋಸ್ಟಿಂಗಿಗೆ, ಉಸ್ತುವಾರಿಗೆ. ಒಂದೊಂದು ಸೌಲಭ್ಯಕ್ಕೆ ಒಂದೊಂದು ಪ್ಲಗಿನ್, ಬರೆದವರು ಬೇರೆ ಬೇರೆ. ಅಪ್‌ಡೇಟ್ ಮಾಡದೆ ಬಿಟ್ಟರೆ ಹಳೆಯ ಪ್ಲಗಿನ್‌ನ ತೂತಿನಿಂದ ಕಳ್ಳರು ನುಗ್ಗುತ್ತಾರೆ. ಎಷ್ಟೋ ಸಲ ಮಾಲೀಕರಿಗೆ ಸೈಟ್ ಸರಿಯಾಗಿಯೇ ಕಾಣುತ್ತದೆ. ಗೂಗಲ್‌ನಲ್ಲಿ ಹುಡುಕಿ ಬಂದವರು ಮಾತ್ರ ಜೂಜಿನ ಪುಟಕ್ಕೆ ಹೋಗಿ ಬೀಳುತ್ತಾರೆ. ನಿಮ್ಮ ಸೈಟಿನ ಹೆಸರು ಸೇರಿಸಿ ಗೂಗಲ್‌ನಲ್ಲಿ ಹೀಗೆ ಹುಡುಕಿ ನೋಡಿ:

```
site:example.in
```

ನೀವು ಹಾಕದ ಔಷಧಿಯ ಪುಟವೋ ಜಪಾನಿ ಅಕ್ಷರಗಳೋ ಬಂದರೆ ಒಳಗೆ ಯಾರೋ ಸೇರಿಕೊಂಡಿದ್ದಾರೆ ಎಂದೇ ಅರ್ಥ. ಮುಂದೆ ಈ ಅಕ್ಕ 34, 36, 38 ಸೈಜಿನ ರೆಡಿಮೇಡ್ ಬ್ಲೌಸ್ ಮಾರಲು ಹೊರಟರೆ ದಾಸ್ತಾನಿನ ಲೆಕ್ಕ ಬೇಕಾಗುತ್ತದೆ. ಆಗ ವರ್ಡ್‌ಪ್ರೆಸ್ ಮತ್ತು ವೂಕಾಮರ್ಸ್‌ಗೆ ನಾನೇ ಹೂಂ ಎನ್ನುತ್ತೇನೆ, ಅಪ್‌ಡೇಟ್ ಮತ್ತು ಬ್ಯಾಕಪ್ ನೋಡಿಕೊಳ್ಳಲು ಒಬ್ಬರಿಗೆ ಹಣ ಕೊಡುವ ಹಾಗಿದ್ದರೆ.

ಸದ್ಯಕ್ಕೆ ನಾವು ಆರಿಸಿದ್ದು ವೆಬ್‌ಸೈಟ್ ಬಿಲ್ಡರ್. ಸೈಟನ್ನು ಕಾಯುವ ಕೆಲಸ ಕಂಪನಿಯದು, ಸಾಲು ತಿದ್ದುವುದು ಅಕ್ಕನ ಫೋನಿನಿಂದಲೇ. ಸ್ವಂತ ಹೆಸರಿನ ವಿಳಾಸ ಜೋಡಿಸಲು ಸಾಮಾನ್ಯವಾಗಿ ಹಣ ಕೊಡುವ ಪ್ಲಾನೇ ಬೇಕು. ಮೊದಲ ವರ್ಷದ ರಿಯಾಯಿತಿಗೆ ಮರುಳಾಗದೆ ಎರಡನೇ ವರ್ಷದ ದರ ಕೇಳಿಕೊಳ್ಳಬೇಕು.

ಬಿಲ್ಡರ್‌ನ ದೊಡ್ಡ ತೊಡಕು ಬೇರೆಯೇ ಇದೆ. ವಿಕ್ಸ್‌ನಂಥ ಕಡೆ ಕಟ್ಟಿದ ಸೈಟನ್ನು ಎತ್ತಿಕೊಂಡು ಬೇರೆ ಹೋಸ್ಟಿಂಗಿಗೆ ಒಯ್ಯಲಾಗುವುದಿಲ್ಲ. ಕಂಪನಿಯೇ ಸೇವೆ ನಿಲ್ಲಿಸಿದರೆ? 2024ರ ಮಾರ್ಚ್‌ನಲ್ಲಿ ಗೂಗಲ್, ಬಿಸಿನೆಸ್ ಪ್ರೊಫೈಲ್‌ನಿಂದ ಮಾಡಿದ ಪುಕ್ಕಟೆ ಸೈಟ್‌ಗಳನ್ನು ಮುಚ್ಚಿಬಿಟ್ಟಿತು. business.site ಎಂದು ಕೊನೆಯಾಗುವ ವಿಳಾಸವನ್ನು ಕಾರ್ಡಿನ ಮೇಲೆ, ಕ್ಯಾರಿಬ್ಯಾಗಿನ ಮೇಲೆ ಅಚ್ಚು ಹಾಕಿಸಿದ್ದವರಿಗೆ ಆ ವಿಳಾಸವೇ ಇಲ್ಲವಾಯಿತು.

ಹಾಗಾಗಿ ಅಕ್ಕನಿಗೆ ಒಂದು ಮಾತನ್ನು ಒತ್ತಿ ಹೇಳಿದೆ: "ಬ್ಲೌಸಿನ ಒಳಗೆ ಮಾರ್ಜಿನ್ ಬಿಡ್ತೀರಲ್ಲ, ಹಾಗೆ ಡೊಮೇನ್ ಬೇರೆ ಕಡೆ ತಗೊಳ್ಳಿ. ನಿಮ್ಮ ಹೆಸರು, ನಿಮ್ಮ ಇಮೇಲ್, ನಿಮ್ಮ ಮೊಬೈಲ್ ಇರಲಿ. ನನ್ನದು ಬೇಡ." ನಾಳೆ ಬಿಲ್ಡರ್ ಬದಲಾದರೂ ಬ್ಯಾಗಿನ ಮೇಲಿನ ವಿಳಾಸ ಬದಲಾಗುವುದಿಲ್ಲ.

ಪುಟ ಕಟ್ಟಲು ಒಂದು ಮಧ್ಯಾಹ್ನ ಸಾಕಾಯಿತು. ಫೋನಿನಲ್ಲಿ ತೆಗೆದ ಫೋಟೊ ಒಂದೊಂದೂ ಮೂರು ನಾಲ್ಕು ಎಂಬಿ ಇತ್ತು. ಅಗಲ 1200 ಪಿಕ್ಸೆಲ್‌ಗೆ ಇಳಿಸಿ 200 ಕೆಬಿ ಆಸುಪಾಸಿಗೆ ತಂದೆವು. ವಾಟ್ಸಾಪ್ ಬಟನ್ ಮೊದಲು ಕೆಲಸ ಮಾಡಲಿಲ್ಲ, ನಂಬರಿನ ಹಿಂದೆ ಸೊನ್ನೆ ಸೇರಿತ್ತು. ಸರಿಯಾದ ರೂಪ ಹೀಗೆ, ಪ್ಲಸ್ ಗುರುತಾಗಲಿ ನಡುವೆ ಜಾಗವಾಗಲಿ ಇರಬಾರದು:

```
https://wa.me/91XXXXXXXXXX
```

ಗೌರಿ ಹಬ್ಬಕ್ಕೆ ಹತ್ತು ದಿನವಿದ್ದಾಗ ಪುಟ ತೆರೆದು ನೋಡಿದೆ. ಮೇಲಿನ ಸಾಲು ಬದಲಾಗಿತ್ತು: "ಹಬ್ಬದ ಬ್ಲೌಸ್ ಆರ್ಡರ್ ಮುಗಿದಿದೆ. ಫಾಲ್, ಜಿಗ್‌ಜಾಗ್ ಮಾತ್ರ ತೆಗೆದುಕೊಳ್ಳುತ್ತೇವೆ." ನನಗೆ ಯಾರೂ ಫೋನ್ ಮಾಡಿರಲಿಲ್ಲ.