ಹತ್ತು ಲೀಟರ್ ಹೊರುವ ಡ್ರೋನಿನ ಲೆಕ್ಕ

ಔಷಧಿ ಸಿಂಪಡಿಸುವ ಡ್ರೋನಿನ ಕರಪತ್ರದಲ್ಲಿ ‘30 ನಿಮಿಷ ಹಾರಾಟ’ ಎಂದು ಕಂಡರೆ ಮೊದಲು ಕೇಳಬೇಕಾದದ್ದು, ಟ್ಯಾಂಕು ತುಂಬಿತ್ತೋ ಖಾಲಿ ಇತ್ತೋ ಎಂದು. ಅದೇ ಯಂತ್ರ, ಅದೇ ಬ್ಯಾಟರಿ, ಬೆನ್ನ ಮೇಲೆ 10 ಲೀಟರ್ ಬಿದ್ದ ಕೂಡಲೇ ಹತ್ತು ನಿಮಿಷವನ್ನೂ ನೆಚ್ಚಿಕೊಳ್ಳುವ ಹಾಗಿಲ್ಲ. ಹೀಗೇಕೆ ಎಂಬುದನ್ನು ಒಂದೇ ಯಂತ್ರದ ವಿನ್ಯಾಸ ಹಿಡಿದು ನೋಡೋಣ.

ನಮ್ಮ ದೇಶದ 2021ರ ಡ್ರೋನ್ ನಿಯಮಗಳ ಪ್ರಕಾರ ಹೊರೆಯೂ ಸೇರಿ 25 ಕೆಜಿ ಒಳಗಿದ್ದರೆ ಅದು ‘ಸಣ್ಣ’ ವರ್ಗ, ಮೀರಿದರೆ ‘ಮಧ್ಯಮ’. ಹಾಗಾಗಿ ನಮ್ಮ ಯಂತ್ರಕ್ಕೆ 24 ಕೆಜಿಯ ಗೆರೆ ಹಾಕಿಕೊಳ್ಳೋಣ. ಔಷಧಿ ನೀರು 10 ಕೆಜಿ. ಬ್ಯಾಟರಿ 4.7 ಕೆಜಿ. ಉಳಿದ 9.3 ಕೆಜಿಯಲ್ಲಿ ಚೌಕಟ್ಟು, ಮೋಟಾರು, ಟ್ಯಾಂಕು, ಪಂಪು, ವೈರು ಎಲ್ಲವೂ ಮುಗಿಯಬೇಕು.

ಮೊದಲ ಪ್ರಶ್ನೆ, ಮೋಟಾರು ಎಷ್ಟು? ನಾಲ್ಕು ಮೋಟಾರಿನ ಡ್ರೋನಿನಲ್ಲಿ ಒಂದು ನಿಂತರೆ ಮಾಮೂಲಿ ನಿಯಂತ್ರಣದಲ್ಲಿ ಅದು ಮಗುಚಿ ಬೀಳುತ್ತದೆ. ಆರು ಇದ್ದರೆ ಸಾಕೆಂದು ಬಹಳ ಜನ ನಂಬುತ್ತಾರೆ. ಆದರೆ ಸಾಮಾನ್ಯ ಜೋಡಣೆಯಲ್ಲಿ ಪಕ್ಕಪಕ್ಕದ ಪ್ರೊಪೆಲ್ಲರುಗಳು ವಿರುದ್ಧ ದಿಕ್ಕಿಗೆ ತಿರುಗುತ್ತವೆ. ಒಂದು ಸತ್ತಾಗ ಯಂತ್ರ ವಾಲದೆ, ಗಿರಗಿರ ಸುತ್ತದೆ ನಿಲ್ಲಬೇಕಾದರೆ ಅದರ ಎದುರು ತುದಿಯ ಮೋಟಾರನ್ನೂ ಹೆಚ್ಚುಕಡಿಮೆ ನಿಲ್ಲಿಸಬೇಕಾಗುತ್ತದೆ. ಅಲ್ಲಿಗೆ ಭಾರವೆಲ್ಲ ನಾಲ್ಕರ ಮೇಲೆ ಬಿತ್ತು. ನಿಂತ ಮೋಟಾರು ಕೆಳಮುಖವಾಗಿ ತಳ್ಳಲಾರದ್ದರಿಂದ ತಿದ್ದುವ ಶಕ್ತಿಯೂ ಒಂದು ಕಡೆಗೆ ಕುಂಟುತ್ತದೆ. ಗಾಳಿ ಬೀಸಿದರೆ ಯಂತ್ರದ ಮೂತಿ ತಿರುಗತೊಡಗುತ್ತದೆ.

ಎಂಟರ ಜೋಡಣೆಯಲ್ಲಿ ಈ ತೊಡಕಿಲ್ಲ. ಒಂದು ಸತ್ತರೂ ಉಳಿದ ಏಳರಿಂದ ಎತ್ತರ, ವಾಲಿಕೆ, ದಿಕ್ಕು ಮೂರನ್ನೂ ಹಿಡಿಯಬಹುದು. 24 ಕೆಜಿಗೆ ಪ್ರತಿ ಮೋಟಾರಿನ ಪಾಲು 3 ಕೆಜಿ. ಒಂದು ನಿಂತಾಗ ಉಳಿದವುಗಳಲ್ಲಿ ಅತಿ ಹೆಚ್ಚು ದುಡಿಯುವ ಮೋಟಾರಿಗೆ ಸುಮಾರು 4.5 ಕೆಜಿ ಬೀಳುತ್ತದೆ. ಅದರ ಮೇಲೆ ಗಾಳಿಯನ್ನೂ ಎದುರಿಸಬೇಕಾದ್ದರಿಂದ 7 ಕೆಜಿ ಎತ್ತಬಲ್ಲ ಮೋಟಾರನ್ನೇ ಹಾಕಬೇಕು. ಇದಕ್ಕೆ ಬೆಲೆಯೂ ಇದೆ. ಹೆಚ್ಚುಕಡಿಮೆ ಅಷ್ಟೇ ಅಗಲದ ಯಂತ್ರದಲ್ಲಿ 30 ಇಂಚಿನ ಆರು ಪ್ರೊಪೆಲ್ಲರು ಹಿಡಿದರೆ, 24 ಇಂಚಿನವು ಎಂಟು ಹಿಡಿಯುತ್ತವೆ. ಗಾಳಿ ದೂಡುವ ಒಟ್ಟು ವಿಸ್ತೀರ್ಣ ತುಸು ಕಡಿಮೆಯಾಗಿ ಕರೆಂಟು ಶೇಕಡಾ 8ರಷ್ಟು ಹೆಚ್ಚು ಬೇಕಾಗುತ್ತದೆ. ಕೀಟನಾಶಕ ತುಂಬಿಕೊಂಡು ಜನರಿರುವ ಹೊಲದ ಮೇಲೆ ಹಾರುವ ಯಂತ್ರಕ್ಕೆ ಇದನ್ನು ಕೊಡಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ತೋಳು. ಜನ ನೋಡುವುದು ಅದು ಮುರಿಯುತ್ತದೆಯೇ ಎಂದು. ಆದರೆ ಕಾರ್ಬನ್ ಫೈಬರ್ ಕೊಳವೆ ಮುರಿಯುವುದಕ್ಕೆ ಬಹಳ ಮೊದಲೇ ನಡುಗಿ ತೊಂದರೆ ಕೊಡುತ್ತದೆ. 40 ಮಿಲಿಮೀಟರ್ ವ್ಯಾಸ, 1.5 ಮಿಲಿಮೀಟರ್ ಗೋಡೆಯ ಕೊಳವೆ ನಡುವಿನ ತಟ್ಟೆಯಿಂದ 65 ಸೆಂಟಿಮೀಟರ್ ಚಾಚಿದೆ, ತುದಿಯಲ್ಲಿ ಮೋಟಾರು, ಪ್ರೊಪೆಲ್ಲರು ಸೇರಿ ಸುಮಾರು 450 ಗ್ರಾಂ ಇದೆ ಎಂದುಕೊಳ್ಳಿ. ತುದಿಯನ್ನು ಒತ್ತಿ ಬಿಟ್ಟರೆ ಅದು ಸೆಕೆಂಡಿಗೆ ಸುಮಾರು 38 ಸಲ ಕಂಪಿಸುತ್ತದೆ. ಟ್ಯಾಂಕು ತುಂಬಿದಾಗ ಪ್ರೊಪೆಲ್ಲರು ಸೆಕೆಂಡಿಗೆ ಸುಮಾರು 47 ಸುತ್ತು, ಖಾಲಿಯಾದಾಗ 36 ಸುತ್ತು ತಿರುಗುತ್ತದೆ. ಅಂದರೆ ಔಷಧಿ ಮುಗಿಯುತ್ತ ಬಂದಂತೆ ಸುತ್ತಿನ ವೇಗ ಇಳಿದು, ಒಂದೂವರೆ ಲೀಟರ್ ಉಳಿದಿರುವಾಗ ತೋಳಿನ ಕಂಪನಕ್ಕೆ ಸರಿಯಾಗಿ ಕೂಡಿಕೊಳ್ಳುತ್ತದೆ. ಪ್ರೊಪೆಲ್ಲರಿನ ಸಮತೋಲ ಎಳ್ಳಷ್ಟು ತಪ್ಪಿದ್ದರೂ ತೋಳು ಅದನ್ನು ಹಲವು ಪಟ್ಟು ಹಿಗ್ಗಿಸುತ್ತದೆ. ಅಲ್ಲಿಯವರೆಗೆ ಸುಮ್ಮನೆ ಹಾರುತ್ತಿದ್ದ ಯಂತ್ರ ಕೊನೆಯ ಸಾಲಿನಲ್ಲಿ ನಡುಗಿದರೆ ಕಾರಣ ಇದೇ ಇರಬಹುದು.

ಗೋಡೆ ದಪ್ಪ ಮಾಡುವುದಕ್ಕಿಂತ ವ್ಯಾಸ ಹಿಗ್ಗಿಸುವುದು ಲಾಭ. ಕೊಳವೆಯನ್ನು 50 ಮಿಲಿಮೀಟರಿಗೆ ಏರಿಸಿದರೆ ತೂಕ ಕಾಲುಭಾಗ ಹೆಚ್ಚುತ್ತದೆ, ಬಿಗಿತನ ಎರಡರಷ್ಟಾಗುತ್ತದೆ. ನಡುವಿನ ತಟ್ಟೆಯನ್ನು ಅಗಲ ಮಾಡಿ ತೋಳಿನ ಚಾಚನ್ನು 55 ಸೆಂಟಿಮೀಟರಿಗೆ ಇಳಿಸಿದರೆ ಕಂಪನ ಲೆಕ್ಕದಲ್ಲಿ ಸೆಕೆಂಡಿಗೆ 70ರ ಹತ್ತಿರ ಹೋಗುತ್ತದೆ, ಪ್ರೊಪೆಲ್ಲರಿನ ದಾರಿಗೆ ಅಡ್ಡ ಬರುವುದಿಲ್ಲ. ಆದರೆ ಈ ಲೆಕ್ಕ ತೋಳಿನ ಬುಡ ಅಲುಗುವುದಿಲ್ಲವೆಂದು ನಂಬಿದ ಲೆಕ್ಕ. ಮಡಚುವ ಕೀಲಿನಲ್ಲಿ ಕೂದಲೆಳೆಯಷ್ಟು ಸಡಿಲವಿದ್ದರೂ ಅದು ಕೆಡುತ್ತದೆ. ತೆಳು ಗೋಡೆಯ ಕೊಳವೆಯನ್ನು ಕ್ಲಾಂಪಿನಲ್ಲಿ ಬಿಗಿದರೆ ಅದು ಮೊಟ್ಟೆಯಾಕಾರಕ್ಕೆ ಅಮುಕಿ ಸೀಳುತ್ತದೆ, ಆದ್ದರಿಂದ ಒಳಗೆ ಅಲ್ಯೂಮಿನಿಯಂ ಬಿರಡೆ ಕೂಡಿಸಬೇಕು. ಹಾರಾಟ ಮುಗಿದ ಮೇಲೆ ಕ್ಲಾಂಪಿನ ಅಂಚನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಕಪ್ಪು ಪುಡಿ ಅಂಟಿದರೆ ಕೊಳವೆ ಅಲ್ಲಿ ಉಜ್ಜುತ್ತಿದೆ ಎಂದರ್ಥ. ಆರ್ಡುಪೈಲಟ್ ಬಳಸುವವರು ಲಾಗ್ ತೆರೆದು `VibeX`, `VibeY`, `VibeZ` ಸಾಲುಗಳನ್ನು ನೋಡಬಹುದು. ಅವು 30 m/s² ಒಳಗಿರಬೇಕು. ನಡುವೆ ಸರಿಯಿದ್ದು ಕೊನೆಗೆ ಮಾತ್ರ ಏರಿದ್ದರೆ ಮೇಲೆ ಹೇಳಿದ ರೋಗ.

ಈಗ ನಿಮಿಷದ ಲೆಕ್ಕ. ಬೆಂಗಳೂರಿನ ಎತ್ತರದಲ್ಲಿ, 30 ಡಿಗ್ರಿ ಸೆಖೆಯಲ್ಲಿ ಗಾಳಿ ಕರಾವಳಿಗಿಂತ ತೆಳು. ಅದೊಂದೇ ಕಾರಣಕ್ಕೆ ಅದೇ ಭಾರ ಎತ್ತಲು ಶೇಕಡಾ 5ರಷ್ಟು ಹೆಚ್ಚು ಶಕ್ತಿ ಬೇಕು. ನಮ್ಮ ಎಂಟು ಪ್ರೊಪೆಲ್ಲರುಗಳು 24 ಕೆಜಿಯನ್ನು ಗಾಳಿಯಲ್ಲಿ ಹಿಡಿದು ನಿಲ್ಲಿಸಲು ಯಾವ ನಷ್ಟವೂ ಇಲ್ಲದಿದ್ದರೆ ಸುಮಾರು 1,630 ವ್ಯಾಟ್ ಸಾಕು. ಪ್ರೊಪೆಲ್ಲರು, ಮೋಟಾರು, ವೇಗ ನಿಯಂತ್ರಕ ಇವುಗಳ ನಷ್ಟ ಕಳೆದು ಶೇಕಡಾ 55 ಕೈಗೆ ಸಿಗುತ್ತದೆಂದು ಹಿಡಿದರೆ ಬ್ಯಾಟರಿಯಿಂದ ಸುಮಾರು 3 ಕಿಲೋವ್ಯಾಟ್ ಎಳೆಯಬೇಕು. ತಿರುವು, ಗಾಳಿ, ಪಂಪು ಸೇರಿ 3.25. 12 ಸೆಲ್ಲಿನ 16 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿರುವುದು 710 ವ್ಯಾಟ್-ಗಂಟೆ. ತಳ ಕೆರೆಯಬಾರದೆಂದು ಐದನೇ ಒಂದು ಭಾಗ ಬಿಟ್ಟರೆ 568. ಭಾಗಿಸಿದರೆ ಹತ್ತೂವರೆ ನಿಮಿಷ. ಮರಳಿ ಬಂದು ಇಳಿಯಲು ಎರಡು ನಿಮಿಷ ಎತ್ತಿಟ್ಟರೆ ಉಳಿಯುವುದು ಎಂಟು ಚಿಲ್ಲರೆ.

ಟ್ಯಾಂಕು ಖಾಲಿ ಇದ್ದರೆ 14 ಕೆಜಿಗೆ 1.35 ಕಿಲೋವ್ಯಾಟ್ ಸಾಕು, ಏಕೆಂದರೆ ಶಕ್ತಿಯ ಬೇಡಿಕೆ ತೂಕಕ್ಕಿಂತ ಜೋರಾಗಿ ಏರಿಳಿಯುತ್ತದೆ. ತೂಕ ಒಂದೂವರೆ ಪಟ್ಟಾದರೆ ಶಕ್ತಿ 1.8 ಪಟ್ಟು. ಬ್ಯಾಟರಿಯನ್ನು ಕೊನೆಯ ಹನಿವರೆಗೆ ಹಿಂಡಿದರೆ 30 ನಿಮಿಷ ದಾಟುತ್ತದೆ. ಕರಪತ್ರದ ಅಂಕಿ ಹುಟ್ಟುವುದು ಹೀಗೆ. ಎರಡನೇ ಬ್ಯಾಟರಿ ಕಟ್ಟಿದರೂ ಹೊತ್ತು ಎರಡರಷ್ಟಾಗುವುದಿಲ್ಲ, ಒಂದೂವರೆ ಪಟ್ಟಾಗುತ್ತದೆ ಅಷ್ಟೇ. ತೂಕವೂ 25 ಕೆಜಿ ಮೀರುತ್ತದೆ.

ಸಿಂಪಡಿಸುತ್ತ ಹೋದಂತೆ ತೂಕ ಇಳಿಯುತ್ತದಲ್ಲ ಎನ್ನಬಹುದು. ನಿಜ, ಸರಾಸರಿ ಬೇಡಿಕೆ 2.3 ಕಿಲೋವ್ಯಾಟಿಗೆ ಇಳಿಯುತ್ತದೆ. ಆದರೆ ನಾಜಲ್ ಕಟ್ಟಿಕೊಂಡರೆ ಅಥವಾ ಪಂಪು ನಿಂತರೆ ತುಂಬಿದ ಟ್ಯಾಂಕಿನೊಂದಿಗೇ ಮರಳಬೇಕು. ಆದ್ದರಿಂದ ಯೋಜನೆಗೆ ಎಂಟು ನಿಮಿಷವನ್ನೇ ಹಿಡಿಯಬೇಕು.

ಏಳು ನಿಮಿಷದಲ್ಲಿ ಒಂದು ಟ್ಯಾಂಕು ಮುಗಿಸಿ ಇಳಿದಾಗ ಬ್ಯಾಟರಿಯಲ್ಲಿ ಇನ್ನೂ ಶೇಕಡಾ 60ರ ಹತ್ತಿರ ಉಳಿದಿರುತ್ತದೆ. ಅದರಲ್ಲೇ ಇನ್ನೊಂದು ಟ್ಯಾಂಕು ಹೊಡೆದುಬಿಡೋಣ ಎಂಬ ಆಸೆ ಹುಟ್ಟುವುದು ಇಲ್ಲೇ. ನಿಮಿಷದ ಲೆಕ್ಕ ಅದಕ್ಕೆ ಹೂಂ ಎನ್ನುತ್ತದೆ. ಮೋಟಾರಿನ ಲೆಕ್ಕ ಒಪ್ಪುವುದಿಲ್ಲ. ಭಾರ ಬಿದ್ದಾಗ ಸೆಲ್ಲಿನ ವೋಲ್ಟೇಜು 4.15ರ ಬದಲು 3.65ಕ್ಕೆ ಕುಸಿದಿರುತ್ತದೆ, 7 ಕೆಜಿ ಎತ್ತುತ್ತಿದ್ದ ಮೋಟಾರು ಈಗ 5.4 ಕೆಜಿಗೆ ಸುಸ್ತಾಗುತ್ತದೆ. ಆ ಹೊತ್ತಿನಲ್ಲಿ ಒಂದು ಮೋಟಾರು ಕೈಕೊಟ್ಟರೆ ಇನ್ನೊಂದಕ್ಕೆ 4.5 ಕೆಜಿ ಬೇಕು. ಗಾಳಿಯನ್ನು ತಡೆಯಲು ಮಿಕ್ಕಿದ್ದು ಒಂದು ಕೆಜಿಗೂ ಕಡಿಮೆ. ಎಂಟು ಮೋಟಾರಿಗೆ ಕೊಟ್ಟ ಹಣ ದಕ್ಕಬೇಕಾದರೆ ಪ್ರತಿ ಟ್ಯಾಂಕಿಗೂ ಬ್ಯಾಟರಿ ಬದಲಾಯಿಸಬೇಕು. ಹಾರಾಟ, ಇಳಿತ, ತುಂಬಿಸುವುದು ಸೇರಿ ಒಂದು ಸುತ್ತಿಗೆ ಹತ್ತು ಹನ್ನೊಂದು ನಿಮಿಷ, ಬ್ಯಾಟರಿ ಆರಿ ಮತ್ತೆ ಚಾರ್ಜಾಗಲು ಮುಕ್ಕಾಲು ಗಂಟೆ. ಬಿಡುವಿಲ್ಲದೆ ಕೆಲಸ ಸಾಗಬೇಕಾದರೆ ಗಾಡಿಯಲ್ಲಿ ಐದಾರು ಬ್ಯಾಟರಿ ಇರಬೇಕಾಗುತ್ತದೆ.