ಫೋನಿನಲ್ಲಿ ಹೇಳಿಕೊಡುವ ಪಾಠಕ್ಕೂ ಬೆಲೆಯಿದೆ

ತಿಂಗಳ 14ನೇ ತಾರೀಖು ದಾಟಿತೆಂದರೆ ಜಿಎಸ್‌ಟಿ ಲೆಕ್ಕ ನೋಡುವವರ ಫೋನಿಗೆ ಬಿಡುವಿರುವುದಿಲ್ಲ. “ಮೇಡಂ, ಟೂ-ಬಿಯಲ್ಲಿ ಈ ಬಿಲ್ಲು ಕಾಣ್ತಾನೇ ಇಲ್ಲ, ಏನ್ ಮಾಡ್ಲಿ?” ಎಂದು ಒಂದು ಅಂಗಡಿಯವರು ಕೇಳಿ ಮುಗಿಸುವಷ್ಟರಲ್ಲಿ ಇನ್ನೊಂದು ಅಂಗಡಿಯಿಂದ ಅದೇ ಪ್ರಶ್ನೆ ಬರುತ್ತದೆ. ಅಂಗಡಿಗೆ ಸರಕು ಮಾರಿದವರು ತಮ್ಮ ರಿಟರ್ನ್‌ನಲ್ಲಿ ತೋರಿಸಿದ ಬಿಲ್ಲುಗಳ ಪಟ್ಟಿಯೇ GSTR-2B. ಪೋರ್ಟಲ್ ಅದನ್ನು 14ರಂದು ಸಿದ್ಧಪಡಿಸುತ್ತದೆ. ಪ್ರತಿ ತಿಂಗಳು ರಿಟರ್ನ್ ಕಟ್ಟುವವರು 20ರೊಳಗೆ ತೆರಿಗೆ ತುಂಬಬೇಕು. ಆ ಪಟ್ಟಿಯಲ್ಲಿ ಇಲ್ಲದ ಬಿಲ್ಲಿನ ಮೇಲೆ ಕಟ್ಟಿದ ತೆರಿಗೆಯನ್ನು ಆ ತಿಂಗಳು ವಜಾ ಮಾಡಿಕೊಳ್ಳಲು ಆಗುವುದಿಲ್ಲ. ಗಾಬರಿಗೆ ಕಾರಣ ಅದು.

ದಾವಣಗೆರೆಯಲ್ಲಿ ಇಪ್ಪತ್ತೈದು ಅಂಗಡಿಗಳ ಲೆಕ್ಕ ನೋಡುವ ಒಬ್ಬ ತೆರಿಗೆ ಸಲಹೆಗಾರ್ತಿ ಇದ್ದಾರೆ ಎಂದಿಟ್ಟುಕೊಳ್ಳೋಣ. ಈ ಪ್ರಶ್ನೆಗೆ ಅವರು ತಿಂಗಳಿಗೆ ಹತ್ತು ಹದಿನೈದು ಸಲ ಫೋನಿನಲ್ಲೇ, ಪುಕ್ಕಟೆಯಾಗಿ ಉತ್ತರ ಹೇಳುತ್ತಾರೆ. ಎರಡನೇ ಆದಾಯಕ್ಕೆ ಒಂದು ಆನ್‌ಲೈನ್ ತರಗತಿ ಮಾಡಬೇಕೆಂಬ ಯೋಚನೆ ಬಂದಾಗ ಅವರಿಗೆ ಮೊದಲು ಹೊಳೆಯುವ ಹೆಸರು ಬಹುಶಃ ‘ಸಂಪೂರ್ಣ ಜಿಎಸ್‌ಟಿ ತರಬೇತಿ’. ಹೆಚ್ಚಿನವರು ಎಡವುವುದು ಇಲ್ಲೇ. ಸಂಪೂರ್ಣ ಜಿಎಸ್‌ಟಿ ಯೂಟ್ಯೂಬ್‌ನಲ್ಲಿ ಉಚಿತವಾಗಿಯೇ ಸಿಗುತ್ತದೆ. ಆದರೆ ಅಂಗಡಿಯ ಅಕೌಂಟೆಂಟ್‌ಗೆ ಬೇಕಾಗಿರುವುದು ಸಂಪೂರ್ಣ ಜಿಎಸ್‌ಟಿ ಅಲ್ಲ, ಈ ತಿಂಗಳ ಖರೀದಿ ಪುಸ್ತಕ ಟೂ-ಬಿ ಜೊತೆ ತಾಳೆಯಾಗುವುದು. ಆದ್ದರಿಂದ ಕಾರ್ಯಾಗಾರದ ವಿಷಯ ಇಷ್ಟೇ ಇರಲಿ: ‘ಖರೀದಿ ಬಿಲ್ಲು ಮತ್ತು ಟೂ-ಬಿ ತಾಳೆ ಹಾಕುವುದು.’ ಕಲಿತವರು ಎದ್ದು ಹೋಗುವಾಗ ಅವರ ಕೈಯಲ್ಲಿ ಏನಿರುತ್ತದೆ ಎಂಬುದನ್ನು ಒಂದೇ ಸಾಲಿನಲ್ಲಿ ಹೇಳಲಾಗದಿದ್ದರೆ ವಿಷಯ ಇನ್ನೂ ದೊಡ್ಡದಾಗಿದೆ ಎಂದೇ ಅರ್ಥ.

ಮುಂದಿನದು ದಿನಾಂಕ. ತಿಂಗಳ ಮೊದಲ ಇಪ್ಪತ್ತು ದಿನ ಸಲಹೆಗಾರ್ತಿಗೂ ಪುರುಸೊತ್ತಿಲ್ಲ, ಕಲಿಯುವವರಿಗೂ ಇಲ್ಲ. ಹಾಗಾಗಿ 22ರಿಂದ 28ರೊಳಗೆ ಮೂರು ಸಂಜೆ, ಅಂಗಡಿಯ ಕೆಲಸ ಮುಗಿದ ಮೇಲೆ, ದಿನಕ್ಕೆ 55 ನಿಮಿಷ. ಗೂಗಲ್ ಮೀಟ್‌ನ ಉಚಿತ ಖಾತೆಯಲ್ಲಿ ಗುಂಪಿನ ಮಾತುಕತೆಗೆ ಒಂದು ಗಂಟೆಯ ಮಿತಿಯಿದೆ, ಅದರೊಳಗೆ ಇದು ಮುಗಿಯುತ್ತದೆ. ಮೊದಲ ದಿನ ಪಟ್ಟಿಯನ್ನು ಇಳಿಸಿಕೊಂಡು ಎಕ್ಸೆಲ್‌ನಲ್ಲಿ ಖರೀದಿ ಪುಸ್ತಕದ ಪಕ್ಕ ಇಡುವುದು. ಎರಡನೇ ದಿನ ಬಿಲ್ಲು ಕಾಣದಿರುವ ಕಾರಣಗಳು: ಮಾರಿದವರು ರಿಟರ್ನ್ ತಡವಾಗಿ ಸಲ್ಲಿಸಿರುವುದು, ನಮ್ಮ ಜಿಎಸ್‌ಟಿ ನಂಬರ್ ತಪ್ಪಾಗಿ ಬರೆದಿರುವುದು, ನಂಬರೇ ಹಾಕದೆ ಗ್ರಾಹಕರ ಮಾರಾಟವೆಂದು ತೋರಿಸಿರುವುದು, ಬಿಲ್ಲಿನ ನಂಬರನ್ನು ಅವರು ಒಂದು ರೀತಿ, ನಾವು ಇನ್ನೊಂದು ರೀತಿ ಬರೆದಿರುವುದು. ಮೂರನೇ ದಿನ ಪ್ರತಿಯೊಬ್ಬರೂ ತಮ್ಮ ತಮ್ಮ ಕಂಪ್ಯೂಟರಿನಲ್ಲಿ ತಮ್ಮದೇ ಅಂಗಡಿಯ ಲೆಕ್ಕ ತಾಳೆ ಹಾಕುವುದು. ಕಲಿಸುವವರು ಮಾತ್ರ ಪರದೆಯ ಮೇಲೆ ಯಾವ ಕಕ್ಷಿದಾರರ ಬಿಲ್ಲನ್ನೂ ತೋರಿಸಬಾರದು. ನಲವತ್ತು ಸಾಲಿನ ಒಂದು ಕಾಲ್ಪನಿಕ ಖರೀದಿ ಪುಸ್ತಕ ಮಾಡಿ, ಅದರಲ್ಲಿ ಬೇಕೆಂದೇ ಐದಾರು ತಪ್ಪು ಬೆರೆಸಿಟ್ಟರೆ ಆ ತಪ್ಪು ಹುಡುಕುವುದೇ ಪಾಠವಾಗುತ್ತದೆ.

ಈ ತಯಾರಿಗೆ ಕೂರುವ ಮೊದಲೇ ಪ್ರಕಟಣೆ ಹೋಗಬೇಕು. “ಖಂಡಿತ ಬರ್ತೀವಿ ಮೇಡಂ” ಎಂದವರನ್ನು ಲೆಕ್ಕಕ್ಕೆ ಹಿಡಿಯಬೇಡಿ, ಯುಪಿಐನಲ್ಲಿ ಹಣ ಹಾಕಿದವರನ್ನು ಮಾತ್ರ ಹಿಡಿಯಿರಿ. ವಾರ ಮೊದಲು ಆರು ಜನರೂ ಹಣ ಕಟ್ಟಿಲ್ಲವಾದರೆ ಕಟ್ಟಿದವರಿಗೆ ಪೂರ್ತಿ ವಾಪಸ್ ಕೊಟ್ಟು ವಿಷಯ ಬದಲಿಸಬೇಕು. ಆಗ ಹೋಗುವುದು ಒಂದೆರಡು ಸಂಜೆ ಮಾತ್ರ.

ಈಗ ಹಣದ ಲೆಕ್ಕ. ಹನ್ನೆರಡು ಜನ, ತಲಾ 900 ರೂಪಾಯಿ, ಒಟ್ಟು 10,800. ತಯಾರಿಗೆ 14 ಗಂಟೆ, ಜನರನ್ನು ಸೇರಿಸಲು 3, ಪಾಠಕ್ಕೆ 3, ಆಮೇಲೆ ವಾಟ್ಸ್ಆ್ಯಪ್‌ನಲ್ಲಿ ಬರುವ ಸಂದೇಹಗಳಿಗೆ 4, ಒಟ್ಟು 24 ಗಂಟೆ ಎಂದು ಹಿಡಿಯೋಣ. ಗಂಟೆಗೆ ಬಿದ್ದದ್ದು 450 ರೂಪಾಯಿ. ಒಂದು ಅಂಗಡಿಯ ಲೆಕ್ಕಕ್ಕೆ ಅವರು ತಿಂಗಳಿಗೆ 1,500 ಪಡೆದು ಮೂರು ಗಂಟೆ ಕೆಲಸ ಮಾಡುತ್ತಾರಾದರೆ ಅಲ್ಲಿ ಗಂಟೆಗೆ 500 ಸಿಗುತ್ತದೆ. ಅಂದರೆ ಮೊದಲ ತಂಡದಲ್ಲಿ ಅವರಿಗೆ ಕಡಿಮೆಯೇ ಸಿಕ್ಕಿತು. ಬಹಳ ಜನ ಇಲ್ಲಿಗೇ ಕೈಬಿಡುತ್ತಾರೆ. ಆದರೆ ಎರಡನೇ ತಂಡಕ್ಕೆ ತಯಾರಿ 2 ಗಂಟೆ ಸಾಕು. ಉಳಿದದ್ದೆಲ್ಲ ಹಾಗೇ ಇದ್ದರೂ ಒಟ್ಟು 12 ಗಂಟೆ, ಗಂಟೆಗೆ 900. ಲಾಭವಿರುವುದು ಅದೇ ಪಾಠವನ್ನು ಮತ್ತೆ ಮತ್ತೆ ಮಾಡುವುದರಲ್ಲಿ. ತಿಂಗಳಿಗೊಂದು ಹೊಸ ವಿಷಯ ಎತ್ತಿಕೊಳ್ಳುವವರು ಪ್ರತಿ ಸಲವೂ 450ರಲ್ಲೇ ನಿಲ್ಲುತ್ತಾರೆ.

ಹಾಗಾದರೆ ಒಮ್ಮೆ ವಿಡಿಯೊ ಮಾಡಿಟ್ಟು ಮಾರಬಾರದೇ? ಮಾರಬಹುದು, ಆದರೆ ಮೂರು ತಂಡಗಳಾದ ಮೇಲೆ. ಜನ ಎಲ್ಲಿ ತಡವರಿಸುತ್ತಾರೆ ಎಂಬುದು ಎದುರಿಗಿದ್ದಾಗ ಮಾತ್ರ ಗೊತ್ತಾಗುತ್ತದೆ. ಪ್ರತಿ ತಂಡದಲ್ಲಿ ಬಂದ ಪ್ರಶ್ನೆಗಳನ್ನು ಬರೆದಿಟ್ಟುಕೊಂಡರೆ ವಿಡಿಯೊ ಪಾಠಗಳ ಪಟ್ಟಿ ತಾನೇ ಸಿದ್ಧವಾಗುತ್ತದೆ: ಒಂದು ತಪ್ಪಿಗೆ ಒಂದು ವಿಡಿಯೊ, ಆರೇಳು ನಿಮಿಷ. ನೋಡುವವರಲ್ಲಿ ಹಲವರ ಕೈಯಲ್ಲಿರುವುದು ಮೊಬೈಲು, ಆದ್ದರಿಂದ ಎಕ್ಸೆಲ್ ಅಕ್ಷರಗಳನ್ನು ದೊಡ್ಡದು ಮಾಡಿಯೇ ಚಿತ್ರಿಸಬೇಕು. ಕ್ಯಾಮೆರಾಕ್ಕಿಂತ ಮೊದಲು ಒಂದು ಕಾಲರ್ ಮೈಕ್ ಕೊಳ್ಳಬೇಕು.

ವಿಡಿಯೊ ಹಳತಾಗುತ್ತದೆ ಎಂಬುದನ್ನೂ ಮರೆಯಬಾರದು. 2025ರ ಸೆಪ್ಟೆಂಬರ್ 22ರಿಂದ ಶೇ 12 ಮತ್ತು ಶೇ 28ರ ದರಗಳಲ್ಲಿದ್ದ ಹೆಚ್ಚಿನ ಸರಕುಗಳು ಶೇ 5 ಮತ್ತು ಶೇ 18ಕ್ಕೆ ಬಂದವು. ಹಳೆಯ ದರಗಳನ್ನಿಟ್ಟುಕೊಂಡು ಚಿತ್ರಿಸಿದ ಪಾಠಗಳು ಅಂದೇ ಹಳತಾದವು. ಅದೇ ಬಿಲ್ಲು ತಾಳೆ ಹಾಕುವ ಕ್ರಮ ಮಾತ್ರ ದರದೊಂದಿಗೆ ಬದಲಾಗಲಿಲ್ಲ. ಬೇಗ ಬದಲಾಗುವುದನ್ನು ನೇರ ತರಗತಿಗೆ ಬಿಟ್ಟು, ಬಾಳಿಕೆ ಬರುವ ಕ್ರಮವನ್ನು ವಿಡಿಯೊಗೆ ಇಳಿಸುವುದು ಜಾಣತನ.

“ಎಲ್ಲವನ್ನೂ ಹೇಳಿಕೊಟ್ಟರೆ ನನ್ನ ಕಕ್ಷಿದಾರರು ಹೋಗಿಬಿಡುವುದಿಲ್ಲವೇ?” ಎಂಬ ಅಂಜಿಕೆ ಸಹಜ. ಇಲ್ಲಿ ಕಲಿಸುತ್ತಿರುವುದು ಅಂಗಡಿಯ ಅಕೌಂಟೆಂಟ್ ಮಾಡಬೇಕಾದ ಕೆಲಸವನ್ನು. ಇಲಾಖೆಯ ನೋಟಿಸಿಗೆ ಉತ್ತರ ಬರೆಯುವುದು, ರಿಟರ್ನ್‌ನ ಹೊಣೆ ಹೊರುವುದು ಸಲಹೆಗಾರ್ತಿಯ ಬಳಿಯೇ ಉಳಿಯುತ್ತದೆ. ತಾಳೆಯಾದ ಲೆಕ್ಕ ಮೇಜಿಗೆ ಬಂದರೆ ಅವರ ಮೂರು ಗಂಟೆಯ ಕೆಲಸವೂ ತಗ್ಗುತ್ತದೆ.

ಎರಡು ನಿಯಮಗಳನ್ನು ಮಾತ್ರ ಕಡೆಗಣಿಸಬಾರದು. ಕಾರ್ಯಾಗಾರದ ಹಣ ಕಕ್ಷಿದಾರರ ಶುಲ್ಕದ ಜೊತೆಗೇ ಸೇರುತ್ತದೆ. ಸೇವೆ ನೀಡುವವರ ವರ್ಷದ ಒಟ್ಟು ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು, ಆಗ ಇಂಥ ತರಬೇತಿಗೆ ಶೇ 18 ತೆರಿಗೆ ಹಾಕಬೇಕು. ಲೆಕ್ಕಪರಿಶೋಧಕರು ಮತ್ತು ವಕೀಲರಿಗೆ ಜಾಹೀರಾತಿನ ವಿಷಯದಲ್ಲಿ ಅವರವರ ಪರಿಷತ್ತಿನ ನಿರ್ಬಂಧಗಳಿವೆ. ಅವರು ಪ್ರಕಟಣೆಗೆ ಮೊದಲೇ ಅದನ್ನು ಓದಿಕೊಳ್ಳಬೇಕು.

ಕೊನೆಯದಾಗಿ, ಕಲಿತವರಿಗೆ ಮುಂದಿನ ತಿಂಗಳ 18ರ ಹೊತ್ತಿಗೆ ಒಂದು ಸಂದೇಶ ಕಳಿಸಿ: “ಈ ಸಲ ಎಷ್ಟು ಬಿಲ್ಲು ತಾಳೆಯಾಗಲಿಲ್ಲ? ಕಾರಣ ಗೊತ್ತಾಯಿತೇ?” ಹನ್ನೆರಡರಲ್ಲಿ ಒಂಬತ್ತು ಜನ ತಾವೇ ಕಾರಣ ಹುಡುಕಿದ್ದರೆ ಪಾಠ ಗೆದ್ದಿದೆ, ಎರಡನೇ ತಂಡಕ್ಕೆ ಅವರೇ ಜನ ಕಳಿಸುತ್ತಾರೆ. ಮೂರೇ ಜನರಾದರೆ ಪಾಠ ತಿದ್ದಿ, ಆಮೇಲೆ ಪ್ರಕಟಣೆ ಹಾಕಿ. ನಿಮ್ಮ ಕಸುಬು ಜಿಎಸ್‌ಟಿ ಅಲ್ಲದಿರಬಹುದು. ನಾಳೆಯಿಂದ ಒಂದು ತಿಂಗಳು ಕಕ್ಷಿದಾರರು ಕೇಳುವ ಪ್ರಶ್ನೆಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಹತ್ತು ಸಲ ಬಂದ ಪ್ರಶ್ನೆಯೇ ನಿಮ್ಮ ಮೊದಲ ಕಾರ್ಯಾಗಾರ.